ಮೊದಲು ಯಾರು, ಕರಡು ಎಂದಿಗೆ

ನೋಡಮ್ಮ, ಗ್ರೂಪಿಗೆ ಹಾಕುವ ಮೊದಲು ನನಗೆ ತೋರಿಸಿದೆಯಲ್ಲ, ಆ ಮೆಸೇಜನ್ನು ರಾತ್ರಿ ಎರಡು ಸಲ ಓದಿದೆ. "ಎಲ್ಲರಿಗೂ ನಮಸ್ಕಾರ. ನವೆಂಬರ್ 15ರ ಕೆರೆ ಗೋಷ್ಠಿಗೆ ನಾವು ನಾಲ್ವರೂ ತಯಾರಿ ಮಾಡಿಕೊಳ್ಳಬೇಕಲ್ಲ. ಯಾರು ಮೊದಲು ಮಾತಾಡುವುದು, ಪ್ರಾಕ್ಟೀಸ್ ಯಾವಾಗ ಇಟ್ಟುಕೊಳ್ಳೋಣ, ನಿಮ್ಮ ಅನುಕೂಲ ತಿಳಿಸಿ." ವಿನಯ ಬೇಕಾದಷ್ಟಿದೆ. ಆದರೆ ಇದನ್ನು ಹೀಗೇ ಹಾಕಿದರೆ ಏನಾಗುತ್ತದೆ ಎಂದು ಈಗಲೇ ಹೇಳುತ್ತೇನೆ. ಇಂಜಿನಿಯರ್ ಸಾಹೇಬರು ಕೈಮುಗಿಯುವ ಚಿತ್ರ ಹಾಕುತ್ತಾರೆ. ಶಾಸನದ ಮೇಷ್ಟ್ರು "ನನಗೆ ಯಾವಾಗಲಾದರೂ ಸರಿಯಮ್ಮ" ಅನ್ನುತ್ತಾರೆ. ಅಂತರ್ಜಲದ ಹುಡುಗ ನೋಡಿ ಸುಮ್ಮನಾಗುತ್ತಾನೆ. ಅಷ್ಟರಲ್ಲಿ ದೀಪಾವಳಿ ಬರುತ್ತದೆ, ಗ್ರೂಪಿನ ತುಂಬ ಹಣತೆ. ನಿನ್ನ ಪ್ರಶ್ನೆ ಅದರಡಿ ಹೂತುಹೋಗಿ ನವೆಂಬರ್ ಹತ್ತರ ಹೊತ್ತಿಗೆ ನೀನೇ ಒಬ್ಬೊಬ್ಬರಿಗೂ ಫೋನ್ ಮಾಡಿ ಅಂಗಲಾಚುತ್ತಿರುತ್ತೀಯ.

"ನಿಮ್ಮ ಅನುಕೂಲ ತಿಳಿಸಿ" ಅಂದರೆ ನಮ್ಮವರು ತಿಳಿಸುವುದಿಲ್ಲ. ನಾನೇ ಮೊದಲು ಬಾಯಿಬಿಟ್ಟರೆ ಇನ್ನೊಬ್ಬರಿಗೆ ತೊಂದರೆಯಾದೀತು ಎಂಬ ಸಂಕೋಚ. ಅದೇ "ಭಾನುವಾರ ಬೆಳಿಗ್ಗೆ ಹತ್ತಕ್ಕೆ" ಎಂದು ಬರೆದು ನೋಡು, ಆಗದವರು ಐದು ನಿಮಿಷದಲ್ಲಿ "ಅವತ್ತು ನಮ್ಮ ಭಾವಮೈದುನನ ಮಗನ ನಾಮಕರಣ" ಎಂದು ಹೇಳಿಬಿಡುತ್ತಾರೆ. ಏನು ಬೇಕು ಎಂದು ಕೇಳಿದರೆ ಬಾರದ ಉತ್ತರ, ಇಂಥದ್ದು ಬೇಡ ಎನ್ನುವುದಕ್ಕೆ ತಾನಾಗಿ ಬರುತ್ತದೆ. ಹಾಗಾಗಿ ಕ್ರಮ, ದಿನ, ಗಡುವು ಮೂರನ್ನೂ ನೀನೇ ತೀರ್ಮಾನಿಸಿ, ಯಾಕೆ ಹಾಗೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದು, ತಿದ್ದಲು ನಾಲ್ಕು ದಿನ ಬಿಡು.

ಮೊದಲು ಕ್ರಮದ ಮಾತು, ಕಷ್ಟ ಇರುವುದೇ ಅಲ್ಲಿ. ನಾಲ್ವರ ವಿಷಯವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಇಂಜಿನಿಯರ್ ಸಾಹೇಬರದು ಕೋಲಾರದ ಕೆರೆಗಳ ಸರಪಳಿ: ಮೇಲಿನ ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೇಗೆ ಹೋಗುತ್ತದೆ ಎಂಬುದು. ಮೇಷ್ಟ್ರದು ಕೆರೆ ಶಾಸನಗಳು. 1905ರಲ್ಲಿ ರೈಸ್ ಸಾಹೇಬರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಅವರ ಕೈಪಿಡಿ. ಹುಡುಗನದು ಕೊಳವೆಬಾವಿಗಳ ನೀರಿನ ಮಟ್ಟ, ಜೊತೆಗೆ 2018ರಿಂದ ಕೆ.ಸಿ. ವ್ಯಾಲಿಯ ಕೊಳವೆಗಳಲ್ಲಿ ಬೆಂಗಳೂರಿಂದ ಬರುತ್ತಿರುವ ಸಂಸ್ಕರಿಸಿದ ನೀರು. ನಿನ್ನದು ನೀರುಗಂಟಿಗಳ ಬಾಯಿಮಾತು. ವಯಸ್ಸಿನ ಪ್ರಕಾರ ಜೋಡಿಸಿದರೆ ಸಾಹೇಬರು, ಮೇಷ್ಟ್ರು, ಹುಡುಗ, ಕೊನೆಗೆ ನೀನು. ನಿನ್ನ ಮನಸ್ಸಿನಲ್ಲೂ ಇದೇ ಇತ್ತು ತಾನೆ? ಹಾಗೆ ಮಾಡಬೇಡ.

ಕೇಳುವವನ ಜಾಗದಲ್ಲಿ ಕೂತು ನೋಡು. ಕೆರೆ ಅಂದರೆ ವಾಕಿಂಗ್ ಹೋಗುವ ದಾರಿ ಎಂದುಕೊಂಡ ಹುಡುಗರು ಅರ್ಧ ಸಭೆ ಇರುತ್ತಾರೆ. ಅವರಿಗೆ ತೂಬು ಎಂದರೇನೆಂದೇ ಗೊತ್ತಿಲ್ಲದಾಗ ಸರಪಳಿಯ ನಕ್ಷೆ ತಲೆಗೆ ಹತ್ತುವುದಿಲ್ಲ. ನಿನ್ನ ಹತ್ತಿರ ಒಂದು ಕೆರೆ ಇದೆ, ಒಬ್ಬ ಮುದುಕ ಇದ್ದಾನೆ, ಬೆಳಗಿನ ಜಾವ ಅವನು ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಹಿಡಿದು ನಿಂತ ಚಿತ್ರವಿದೆ. ಅದು ಮೊದಲು ಬರಲಿ. ಒಂದು ಕೆರೆ ಕಣ್ಣಿಗೆ ಕಟ್ಟಿದ ಮೇಲೆ ಸಾಹೇಬರು ಅದನ್ನು ಮೇಲಿನದಕ್ಕೂ ಕೆಳಗಿನದಕ್ಕೂ ಜೋಡಿಸಲಿ. ಈ ಏರ್ಪಾಡು ಎಷ್ಟು ಹಳೆಯದು, ಯಾರು ದುಡ್ಡು ಕೊಟ್ಟರು, ಯಾರು ಕಾದರು ಎಂದು ಮೇಷ್ಟ್ರು ಹೇಳಲಿ. ಕೊನೆಗೆ ಹುಡುಗ.

ಹುಡುಗ ಕೊನೆಗೇ ಇರಬೇಕು, ಅದಕ್ಕೆ ಬೇರೆಯೇ ಕಾರಣ ಇದೆ. ಕೋಲಾರದಲ್ಲಿ ಕೆ.ಸಿ. ವ್ಯಾಲಿ ಎಂಬ ಮಾತು ಎತ್ತಿದ ಕೂಡಲೆ ಸಭೆ ಎದ್ದು ಕೂರುತ್ತದೆ. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯದು ಬೇಡವೇ ಎಂದು ರೈತರು ಕೇಳಿಯೇ ಕೇಳುತ್ತಾರೆ. ಅವನನ್ನು ಮಧ್ಯದಲ್ಲಿಟ್ಟರೆ ಆ ಚರ್ಚೆ ಮುಂದಿನವರ ಹೊತ್ತನ್ನು ನುಂಗಿಹಾಕುತ್ತದೆ. ಕೊನೆಯಲ್ಲಿಟ್ಟರೆ ಅವನ ಮಾತು ಮುಗಿದಲ್ಲೇ ಪ್ರಶ್ನೋತ್ತರ ಶುರು, ಯಾರ ನಿಮಿಷವೂ ಹೋಗದು. ಬಿಸಿ ಏಳುವ ವಿಷಯ ಯಾವುದಿದ್ದರೂ ಅದನ್ನು ಪ್ರಶ್ನೆಗಳ ಪಕ್ಕಕ್ಕೆ ಇಡಬೇಕು.

ಇನ್ನು ನಿನ್ನ ಭಯ. ಹಿರಿಯರಿಗಿಂತ ಮೊದಲು ನಾನು ಮಾತಾಡುವುದೇ ಎಂದು. ನಮ್ಮ ಸಭೆಗಳ ಕಾರ್ಯಕ್ರಮ ಪಟ್ಟಿ ನೋಡಿದ್ದೀಯಲ್ಲ, ಪ್ರಾರ್ಥನೆ ಮಕ್ಕಳದು, ಸ್ವಾಗತ ಕಿರಿಯರದು, ಪ್ರಾಸ್ತಾವಿಕ ಇನ್ನೊಬ್ಬರದು, ಅಧ್ಯಕ್ಷರ ಭಾಷಣ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಮೊದಲು ಮಾತಾಡುವುದು ದೊಡ್ಡಸ್ತಿಕೆಯೇ ಅಲ್ಲ. ನಿನ್ನ ಭಾಗವನ್ನು "ಪ್ರಾಸ್ತಾವಿಕ" ಎಂದು ಕರೆದುಬಿಡು, ಗಂಟು ಅಲ್ಲೇ ಬಿಚ್ಚುತ್ತದೆ. ಆದರೂ ಸಾಹೇಬರಿಗೆ ಇದು ಗ್ರೂಪಿನಲ್ಲಿ ಮೊದಲ ಸಲ ಕಾಣಬಾರದು. ಮೆಸೇಜ್ ಹಾಕುವ ಮೊದಲು ಅವರಿಗೂ ಮೇಷ್ಟ್ರಿಗೂ ಒಂದೊಂದು ಫೋನ್ ಮಾಡು. "ಸರ್, ನಾನು ನೆಲ ಹದ ಮಾಡಿಕೊಡುತ್ತೇನೆ, ನೀವು ಬಿತ್ತಿ" ಅಂದರೆ ಸಾಕು, ಅವರು ರೈತರ ಮನೆಯವರು. ಫೋನಿನಲ್ಲಿ ಒಪ್ಪಿದವರು ಗ್ರೂಪಿನಲ್ಲಿ ತಕರಾರು ತೆಗೆಯುವುದಿಲ್ಲ. ಗ್ರೂಪಿನಲ್ಲಿ ಮೊದಲು ಕಂಡರೆ ಸರಿಯಿದ್ದದ್ದೂ ಸರಿ ಕಾಣುವುದಿಲ್ಲ.

ಹೊತ್ತಿನ ಲೆಕ್ಕ ಈಗ. ನಿಮಗೆ ಕೊಟ್ಟಿರುವುದು 11ರಿಂದ 12, ಆಮೇಲೆ ಊಟ. ಅರವತ್ತನ್ನು ನಾಲ್ಕರಿಂದ ಭಾಗಿಸಿ ಹದಿನೈದು ಎಂದು ಬರೆದಿದ್ದೀಯ. ಪರಿಚಯ ಮಾಡುವವರಿಗೆ 3 ನಿಮಿಷ ಹೋಯಿತು. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಮೈಕ್ ಬಗ್ಗಿಸಿ, "ಕೇಳಿಸ್ತಾ ಇದೆಯಾ" ಅನ್ನುವುದಕ್ಕೆ ಒಂದೊಂದು ನಿಮಿಷದಂತೆ ಮೂರು. ಪ್ರಶ್ನೆಗೆ ಹತ್ತಾದರೂ ಬೇಕು. ಉಳಿದದ್ದು 44, ತಲೆಗೆ 11. ನಾನು ಗಡಿಯಾರ ಇಟ್ಟುಕೊಂಡು ಓದಿದಾಗ ಕನ್ನಡದಲ್ಲಿ ನಿಮಿಷಕ್ಕೆ ತೊಂಬತ್ತು ಪದದ ಆಚೀಚೆ ಬರುತ್ತದೆ. ಇಂಗ್ಲಿಷಿನ ನೂರಮೂವತ್ತರ ಲೆಕ್ಕ ಹಿಡಿಯಬೇಡ, ನಮ್ಮ ಪದಗಳು ಉದ್ದ. ಅಂದರೆ ಒಬ್ಬೊಬ್ಬರಿಗೂ ಒಂಬೈನೂರು ಪದ, ಮಿಕ್ಕ ಒಂದು ನಿಮಿಷ ಉಸಿರಿಗೆ. ಹನ್ನೊಂದು ಎಂಬ ಅಂಕಿಯನ್ನು ಮೆಸೇಜಿನಲ್ಲೇ ಬರೆ, "ಸುಮಾರು ಹತ್ತು ಹನ್ನೆರಡು" ಎನ್ನಬೇಡ. ಸುಮಾರು ಎಂದದ್ದು ಯಾವಾಗಲೂ ಮೇಲಕ್ಕೇ ಜಾರುತ್ತದೆ.

ಕರಡಿನ ಗಡುವಿಗೆ ಬರೋಣ. ಹದಿನೈದು ವರ್ಷದ ಹಿಂದೆ ನಾವು ಮೂವರು ಒಂದು ಸಂಕಿರಣಕ್ಕೆ ಹೋದೆವು. ಯಾರ ಸ್ಲೈಡನ್ನು ಯಾರೂ ನೋಡಿರಲಿಲ್ಲ, ಅವರವರದು ಅವರವರ ಪೆನ್‌ಡ್ರೈವಿನಲ್ಲಿ. ಮೊದಲಿನವರು ಜಿಲ್ಲೆಯ ನಕ್ಷೆ ಹಾಕಿ ಮಳೆ ಎಷ್ಟು, ವರ್ಷವಿಡೀ ಹರಿಯುವ ನದಿ ಯಾಕಿಲ್ಲ ಎಂದು ವಿವರಿಸಿದರು. ಎರಡನೆಯವರು ಅದೇ ನಕ್ಷೆ ಹಾಕಿ "ಈಗಾಗಲೇ ಹೇಳಿದಂತೆ" ಎಂದು ಅದನ್ನೇ ಪೂರ್ತಿ ಮತ್ತೆ ಹೇಳಿದರು. ಮೂರನೆಯವನು ನಾನು. ನನಗೆ ಉಳಿದದ್ದು ನಾಲ್ಕು ನಿಮಿಷ, ನನ್ನ ಮೊದಲ ಸ್ಲೈಡೂ ಅದೇ ನಕ್ಷೆ. ಸಭೆಯಲ್ಲಿ ಯಾರೋ ನಕ್ಕದ್ದು ಇವತ್ತಿಗೂ ಕಿವಿಯಲ್ಲಿದೆ.

ಕರಡು ಬೇಗ ಬೇಕಾಗಿರುವುದು ಅದಕ್ಕೇ, ಸ್ಲೈಡ್ ಚಂದ ಕಾಣಲಿ ಎಂದಲ್ಲ. ನಿಮ್ಮಲ್ಲೂ ಒಂದು ಡಿಕ್ಕಿ ಈಗಲೇ ಕಾಣುತ್ತಿದೆ: ನೀರುಗಂಟಿಗೆ ಬಿಟ್ಟಿದ್ದ ಮಾನ್ಯದ ಹೊಲದ ವಿಷಯ ನಿನ್ನಲ್ಲೂ ಇದೆ, ಮೇಷ್ಟ್ರಲ್ಲೂ ಇರುತ್ತದೆ. ಅವರು ಬಿತ್ತುವಟ್ಟದ ಶಾಸನ ತೋರಿಸುತ್ತಾರೆ, ಅಂದರೆ ಕೆರೆಯ ಪಾಲನೆಗೆಂದು ಭೂಮಿ ಬಿಟ್ಟ ದಾಖಲೆ. ನೀನು ಮುದುಕನ ಬಾಯಲ್ಲಿ ಅದನ್ನೇ ಹೇಳಿಸುತ್ತೀಯ. ಇಬ್ಬರ ಕರಡೂ ಒಂದೇ ಕಡೆ ಇದ್ದರೆ ನೀನು ಆ ಮಾತನ್ನು ಅರ್ಧದಲ್ಲಿ ನಿಲ್ಲಿಸಿ "ಇದು ಎಷ್ಟು ಹಳೆಯದು ಎಂದು ಮೇಷ್ಟ್ರು ಹೇಳುತ್ತಾರೆ" ಎಂದು ಅವರ ಕೈಗೆ ಕೊಡಬಹುದು. ಮೇಲಿನ ಕೆರೆಯ ಕೋಡಿ ಕೆಳಗಿನದಕ್ಕೆ ಬೀಳುವುದು ಹೀಗೆ. ನೋಡಿರದಿದ್ದರೆ ಇಬ್ಬರೂ ಎರಡೆರಡು ನಿಮಿಷ ಒಂದೇ ಮಾತು ಆಡುತ್ತೀರಿ.

ಹಾಗಾಗಿ ಗಡುವು ತಾಲೀಮಿನ ಹಿಂದಿನ ರಾತ್ರಿ ಇರಬಾರದು, ಓದಲು ಮೂರು ದಿನ ಬೇಕು. ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿದೆ. ಗೋಷ್ಠಿ ನವೆಂಬರ್ 15, ಶನಿವಾರ. ಎರಡನೆಯ ತಾಲೀಮು 9ರ ಭಾನುವಾರ. 8ರ ಶನಿವಾರವೇ ಆಗಬಹುದಿತ್ತು, ಆದರೆ ಅವತ್ತು ಕನಕ ಜಯಂತಿ, ಮೇಷ್ಟ್ರನ್ನು ಎಲ್ಲಾದರೂ ಭಾಷಣಕ್ಕೆ ಕರೆದೇ ಕರೆದಿರುತ್ತಾರೆ. ಮೊದಲ ತಾಲೀಮು 2ರ ಭಾನುವಾರ. ಒಂದನೇ ತಾರೀಕು ರಾಜ್ಯೋತ್ಸವ, ಕನ್ನಡ ಮೇಷ್ಟ್ರುಗಳಿಗೆ ನವೆಂಬರ್ ಎಂದರೆ ಮದುವೆ ಸೀಸನ್ನಿನಲ್ಲಿ ಓಲಗದವರಿಗೆ ಇದ್ದ ಹಾಗೆ. ಕರಡಿಗೆ ಅದಕ್ಕಿಂತ ಹಿಂದಿನ ಬುಧವಾರ, ಅಕ್ಟೋಬರ್ 29. ದೀಪಾವಳಿ 20ರಿಂದ 22, ಅದು ಕಳೆದು ಒಂದು ವಾರ ಕೈಗೆ ಸಿಕ್ಕಿದಂತಾಯಿತು. ಹಬ್ಬಕ್ಕೆ ಮುಂಚೆ ಕರಡು ಕೇಳಿದರೆ ಯಾರೂ ಕೊಡುವುದಿಲ್ಲ, ನೀನೂ ಕೊಡುವುದಿಲ್ಲ. ಹಬ್ಬಕ್ಕೆ ಮೊದಲು ಮೂರು ಸಾಲು ಸಾರಾಂಶ ಮಾತ್ರ ಕೇಳು.

"29ರೊಳಗೆ" ಎಂದು ಬರೆಯಬೇಡ, "29ರ ರಾತ್ರಿ 8 ಗಂಟೆಗೆ" ಎಂದು ಬರೆ. ಒಳಗೆ ಎಂದರೆ ಮಧ್ಯರಾತ್ರಿ ಎಂದು ಒಬ್ಬರು, 30ರ ಬೆಳಿಗ್ಗೆ ಎಂದು ಇನ್ನೊಬ್ಬರು ತಿಳಿಯುತ್ತಾರೆ. ಎಂಟು ಯಾಕೆ ಅಂದರೆ ಬಾರದವರಿಗೆ ಮಲಗುವ ಮೊದಲೇ ಫೋನ್ ಮಾಡಬಹುದು. ಅಷ್ಟಾದರೂ ಬಾರದಿದ್ದರೆ ರೇಗಬೇಡ. ನಾಲ್ವರದನ್ನೂ ಸೇರಿಸಿದ ಫೈಲಿನಲ್ಲಿ ಅವರ ಹೆಸರು, ವಿಷಯ ಇರುವ ಒಂದು ಖಾಲಿ ಸ್ಲೈಡ್ ಇಟ್ಟು ಎಲ್ಲರಿಗೂ ಕಳಿಸು. ಆ ಖಾಲಿ ಹಾಳೆ ಮಾಡುವ ಕೆಲಸವನ್ನು ಹತ್ತು ಮೆಸೇಜು ಮಾಡುವುದಿಲ್ಲ.

ಕರಡು ಎಂದರೆ ಏನು ಎಂಬುದನ್ನೂ ಹೇಳಿಬಿಡಬೇಕು, ಇಲ್ಲವಾದರೆ ಅದು ಪೂರ್ತಿ ಸಿಂಗಾರವಾಗಬೇಕು ಎಂದುಕೊಂಡು ಸಾಹೇಬರು ಕೊಡದೆ ಕೂರುತ್ತಾರೆ. ಸ್ಲೈಡುಗಳ ಸಂಖ್ಯೆ ಮತ್ತು ಅನುಕ್ರಮ ನಿಂತಿರಬೇಕು, ಪ್ರತಿಯೊಂದರಲ್ಲೂ ಒಂದು ಸಾಲಾದರೂ ಇರಬೇಕು. ಚಿತ್ರ ಆಮೇಲೆ ಬರಬಹುದು.

ಅಕ್ಷರದ ಒಂದು ವಿಷಯ ಮಾತ್ರ ಕರಡಿನಲ್ಲೇ ತೀರಬೇಕು. ಸಾಹೇಬರು ಇಪ್ಪತ್ತು ವರ್ಷದಿಂದ ನುಡಿಯ ಹಳೆಯ ಫಾಂಟಿನಲ್ಲೇ ಟೈಪ್ ಮಾಡುವವರು. ಅವರ ಕಂಪ್ಯೂಟರಿನಲ್ಲಿ "ಕೆರೆ" ಎಂದು ಚೆನ್ನಾಗಿಯೇ ಕಾಣುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅದೇ ಪದ ಹೀಗೆ ಕಾಣುತ್ತದೆ:

```
PÉgÉ
```

ಇದು ಫೈಲ್ ಕೆಟ್ಟಿದ್ದಲ್ಲ. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಒಳಗಿನ ಅಕ್ಷರ ಬಯಲಾಗುತ್ತದೆ. ಕರಡು ನಿನ್ನ ಲ್ಯಾಪ್‌ಟಾಪಿಗೆ ಬಂದ ರಾತ್ರಿಯೇ ಇದು ತಿಳಿಯುತ್ತದೆ, ವೇದಿಕೆಯ ಮೇಲಲ್ಲ. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ, ನೀನೇ ಮಾಡಿಕೊಡು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡು, ತಪ್ಪು ಸೇರುವುದು ಅಲ್ಲೇ. ನಾಲ್ವರದೂ ಒಂದೇ ಫಾಂಟ್ ಇರಲಿ, Noto Sans Kannada ಪುಕ್ಕಟೆ ಸಿಗುತ್ತದೆ. ಸಾಲುಗಳ ನಡುವೆ ಸ್ವಲ್ಪ ಜಾಗ ಬಿಡು, ನಮ್ಮ ಒತ್ತುಗಳು ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತವೆ. ಕೊನೆಯ ಫೈಲಿನ ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿಗೆ ಹಾಕಿಕೋ. ಅದರಲ್ಲಿ ಅಕ್ಷರ ಎಲ್ಲಿ ತೆರೆದರೂ ಕದಲುವುದಿಲ್ಲ.

ಕರಡು ಹಾಕುವ ಡ್ರೈವ್ ಫೋಲ್ಡರಿನ ಲಿಂಕನ್ನು ಗ್ರೂಪಿಗೆ ಹಾಕುವ ಮೊದಲು ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡು. ನಿನಗೆ ತೆರೆಯುವುದು ಅವರಿಗೆ You need access ಎಂದು ಬರಬಹುದು. ಸಾಹೇಬರಂಥವರು ಅದನ್ನು ನೋಡಿ "ನನಗೆ ಕೊಟ್ಟಿಲ್ಲ" ಎಂದು ಸುಮ್ಮನಾಗುತ್ತಾರೆ, ಕೇಳುವುದಿಲ್ಲ. ಅವರು ವಾಟ್ಸಾಪಿನಲ್ಲೇ ಕಳಿಸಿದರೂ ತಗೋ, ಫೋಲ್ಡರಿಗೆ ಹಾಕುವುದು ನಿನ್ನ ಕೆಲಸ.

ತಾಲೀಮು ಎರಡು ಸಾಕು, ಎರಡರ ಕೆಲಸವೂ ಬೇರೆ. ಮೊದಲನೆಯದು ಮೀಟ್‌ನಲ್ಲಿ, ಏನು ಹೇಳುತ್ತೇವೆ ಎಂದು ನೋಡುವುದಕ್ಕೆ. ಪುಕ್ಕಟೆ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನ ಇರುವ ಮೀಟಿಂಗಿಗೆ ಒಂದು ಗಂಟೆಯ ಮಿತಿ. ನಿಮ್ಮ ಮಾತೇ 44 ನಿಮಿಷ, ಮೇಲೆ ಟೀಕೆಟಿಪ್ಪಣಿ ಒಂದೇ ಗಂಟೆಯಲ್ಲಿ ಹಿಡಿಸದು. 10ರಿಂದ 10.45ರವರೆಗೆ ಯಾರೂ ಮಧ್ಯೆ ಬಾಯಿಹಾಕದೆ ನಾಲ್ವರೂ ಮಾತಾಡಿಬಿಡಿ. ಕಾಫಿ ಕುಡಿದು 11ಕ್ಕೆ ಮತ್ತೆ ಸೇರಿ ತಿದ್ದುಪಡಿ ಮಾತಾಡಿ. ಮಧ್ಯೆ ತಡೆದು ತಿದ್ದುತ್ತಾ ಹೋದರೆ ಮೊದಲಿನವರದು ಮಾತ್ರ ಚೊಕ್ಕಟವಾಗಿ ನಾಲ್ಕನೆಯವರಿಗೆ ತಾಲೀಮೇ ಆಗಿರುವುದಿಲ್ಲ. ಎರಡನೆಯದು ಎದುರೆದುರು, ಸಾಧ್ಯವಾದರೆ ಆ ಸಭಾಂಗಣದಲ್ಲೇ, ಅಲ್ಲಿನ ಪ್ರೊಜೆಕ್ಟರ್ ಹಚ್ಚಿ. ಅದು ಹೊತ್ತಿನ ಪರೀಕ್ಷೆ. ಯಾರಾದರೂ ಹದಿಮೂರು ನಿಮಿಷ ತೆಗೆದುಕೊಂಡರೆ "ಸ್ವಲ್ಪ ಬೇಗ ಹೇಳಿ" ಎನ್ನಬೇಡ, ವೇದಿಕೆಯಲ್ಲಿ ಯಾರೂ ಬೇಗ ಹೇಳುವುದಿಲ್ಲ. ಯಾವ ಎರಡು ಸ್ಲೈಡ್ ತೆಗೆಯೋಣ ಎಂದು ಅಲ್ಲೇ ಕೇಳು.

ಇಷ್ಟೂ ಆದ ಮೇಲೆ ನಾನು ಬರೆದಿದ್ದರೆ ಮೆಸೇಜ್ ಹೀಗಿರುತ್ತಿತ್ತು. ನಿನ್ನ ಬಾಯಿಗೆ ಹೊಂದುವಂತೆ ತಿದ್ದಿಕೋ.

"ಸರ್, ಮೇಷ್ಟ್ರೇ, ನಮಸ್ಕಾರ. ಕೆರೆ ಗೋಷ್ಠಿ ನವೆಂಬರ್ 15, ಶನಿವಾರ, ಬೆಳಿಗ್ಗೆ 11ರಿಂದ 12. ಪರಿಚಯ, ಪ್ರಶ್ನೋತ್ತರ ಕಳೆದು ಒಬ್ಬೊಬ್ಬರಿಗೆ 11 ನಿಮಿಷ ಸಿಗುತ್ತದೆ.

ಹೀಗೆ ಮಾತಾಡಿದರೆ ಹೇಗೆ: ಮೊದಲು ಪ್ರಾಸ್ತಾವಿಕವಾಗಿ ನಾನು, ಒಂದು ಕೆರೆ ಮತ್ತು ಅದರ ನೀರುಗಂಟಿ. ನಂತರ ಇಂಜಿನಿಯರ್ ಸರ್, ಕೆರೆಗಳ ಸರಪಳಿ. ನಂತರ ಮೇಷ್ಟ್ರು, ಕೆರೆ ಶಾಸನಗಳು. ಕೊನೆಗೆ ಅಂತರ್ಜಲ ಮತ್ತು ಕೆ.ಸಿ. ವ್ಯಾಲಿ, ಪ್ರಶ್ನೆಗಳು ಹೆಚ್ಚು ಬರುವುದು ಅಲ್ಲೇ ಆದ್ದರಿಂದ ಅದನ್ನು ಪ್ರಶ್ನೋತ್ತರದ ಪಕ್ಕ ಇಟ್ಟಿದ್ದೇನೆ.

ಅಕ್ಟೋಬರ್ 17, ಶುಕ್ರವಾರ: ಮೂರು ಸಾಲಿನ ಸಾರಾಂಶ.
ಅಕ್ಟೋಬರ್ 29, ಬುಧವಾರ ರಾತ್ರಿ 8: ಸ್ಲೈಡಿನ ಕರಡು. ಚಿತ್ರ ಇಲ್ಲದಿದ್ದರೂ ಸರಿ, ಅನುಕ್ರಮ ಇರಲಿ. ಒಬ್ಬರದನ್ನೊಬ್ಬರು ನೋಡಿ ಒಂದೇ ವಿಷಯ ಎರಡು ಸಲ ಬಾರದಂತೆ ಮಾಡಿಕೊಳ್ಳಲು.
ನವೆಂಬರ್ 2, ಭಾನುವಾರ ಬೆಳಿಗ್ಗೆ 10: ಮೊದಲ ತಾಲೀಮು, ಮೀಟ್‌ನಲ್ಲಿ.
ನವೆಂಬರ್ 9, ಭಾನುವಾರ ಬೆಳಿಗ್ಗೆ 10: ಎರಡನೆಯದು, ಸಭಾಂಗಣದಲ್ಲಿ.
ನವೆಂಬರ್ 12, ಬುಧವಾರ ರಾತ್ರಿ 8: ಕೊನೆಯ ಪ್ರತಿ. ಆಮೇಲೆ ಬದಲಾವಣೆ ಬೇಡ.

ನಾಲ್ವರದನ್ನೂ ಒಂದೇ ಫೈಲಿಗೆ ಸೇರಿಸುವುದು, ಅಕ್ಷರ ಸರಿಮಾಡುವುದು ನನ್ನ ಜವಾಬ್ದಾರಿ. ಇದರಲ್ಲಿ ಯಾವುದಾದರೂ ಆಗದಿದ್ದರೆ ಅಕ್ಟೋಬರ್ 14, ಮಂಗಳವಾರ ರಾತ್ರಿ 8ರ ಮೊದಲು ತಿಳಿಸಿ, ಬದಲಿಸೋಣ. ಎಲ್ಲವೂ ಸರಿಯಿದ್ದರೆ 'ಒಪ್ಪಿಗೆ' ಎಂದು ಒಂದು ಪದ ಹಾಕಿ."

ಆ ಕೊನೆಯ ಪದ ಬೇಕೇಬೇಕು. ಹೆಬ್ಬೆರಳ ಗುರುತು ಹಾಕಿದರೆ ಓದಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆ ಎಂದಲ್ಲ. ಹಾಕಿದ ಮೇಲೆ ಮೆಸೇಜನ್ನು ಮೂವತ್ತು ದಿನಕ್ಕೆ ಪಿನ್ ಮಾಡು, ಹಣತೆಗಳ ಕೆಳಗೆ ಹೋಗದು. ಮೇಷ್ಟ್ರಿಗೆ ಮಾತ್ರ ಇದೇ ಮಾತನ್ನು ಈಮೇಲಿನಲ್ಲೂ ಕಳಿಸು, ಅವರು ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳುವವರು.

ಇವತ್ತು ಗುರುವಾರ. ಇವತ್ತೇ ಇಬ್ಬರಿಗೂ ಫೋನ್ ಮಾಡಿ, ನಾಳೆ ಬೆಳಿಗ್ಗೆ ಮೆಸೇಜ್ ಹಾಕು. ಸಾಹೇಬರಿಗೆ ಸಂಜೆ ಐದರ ಮೇಲೆ ಮಾಡು, ಮಧ್ಯಾಹ್ನ ಮಲಗಿರುತ್ತಾರೆ. ನಾನು ಹೇಳಿಕೊಟ್ಟೆ ಎಂದು ಮಾತ್ರ ಬಾಯಿಬಿಡಬೇಡ. ಆ ಸಂಕಿರಣದಲ್ಲಿ ನನಗಿಂತ ಮೊದಲು ನಕ್ಷೆ ಹಾಕಿದವರಲ್ಲಿ ಒಬ್ಬರು ಅವರೇ.